ಗ್ರೂಪಿನ ಇನ್ನೂರು ಸಂದೇಶಗಳಲ್ಲಿ ನಾಳೆಯ ಹೋಂವರ್ಕ್ ಎಲ್ಲಿದೆ?

ಪ್ರಶ್ನೆ: ಮಗಳ ತರಗತಿಯ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ದಿನವಿಡೀ ಸಂದೇಶಗಳು ಬರುತ್ತವೆ. ರಾತ್ರಿ ಕುಳಿತು ಹುಡುಕಿದರೂ ಯಾವ ಕೆಲಸ ಯಾವತ್ತಿಗೆ ಎಂಬುದು ತಪ್ಪಿಹೋಗುತ್ತದೆ. ಕ್ರಮವಾಗಿ ತೆಗೆದಿಟ್ಟುಕೊಳ್ಳುವುದು ಹೇಗೆ?

ಉತ್ತರ: ಹೆಚ್ಚಿನವರು ಎಡವುವುದು ಓದುವ ದಿಕ್ಕಿನಲ್ಲಿ. ಹಗಲಿನಲ್ಲಿ ಒಮ್ಮೆ ತೆರೆದು ನೋಡಿದ ಗ್ರೂಪನ್ನು ರಾತ್ರಿ ಮತ್ತೆ ತೆರೆದರೆ ಕಾಣುವುದು ಕೊನೆಯ ಸಂದೇಶ; ಅಲ್ಲಿಂದ ಮೇಲಕ್ಕೆ ಸರಿಸುತ್ತಾ ಓದುತ್ತೇವೆ. ಹಾಗಾಗಿ ತಿದ್ದುಪಡಿ ಮೊದಲು ಕಣ್ಣಿಗೆ ಬೀಳುತ್ತದೆ, ತಿದ್ದಲ್ಪಟ್ಟ ಪ್ರಕಟಣೆ ಆಮೇಲೆ. ಕೊನೆಯಲ್ಲಿ ಓದಿದ್ದೇ ಮನಸ್ಸಿನಲ್ಲಿ ಉಳಿಯುವುದರಿಂದ ರದ್ದಾದ ದಿನಾಂಕವನ್ನೇ ಹಿಡಿದುಕೊಂಡು ಏಳುತ್ತೇವೆ. ನಿನ್ನೆ ನಿಲ್ಲಿಸಿದ ಜಾಗಕ್ಕೆ ಹೋಗಿ, ಅಲ್ಲಿಂದ ಕೆಳಕ್ಕೆ ಓದಿ. ನಿಲ್ಲಿಸಿದ ಸಂದೇಶಕ್ಕೆ ನಕ್ಷತ್ರದ ಗುರುತು ಹಾಕಿಟ್ಟರೆ ಮರುದಿನ ಹುಡುಕಬೇಕಾಗುವುದಿಲ್ಲ.

ಒಂದು ವಾರವನ್ನು ಊಹಿಸಿಕೊಳ್ಳೋಣ. ಸೋಮವಾರ, 11ನೇ ತಾರೀಕು, ಶಿಕ್ಷಕಿ ಬರೆಯುತ್ತಾರೆ: ‘ಎಲೆಗಳ ಚಾರ್ಟ್ ಶುಕ್ರವಾರ ತರಬೇಕು.’ ಮಂಗಳವಾರ ಒಬ್ಬ ತಾಯಿ, ‘ಎಲೆಗಳನ್ನು ಅಂಟಿಸಬೇಕೋ, ಚಿತ್ರ ಬಿಡಿಸಿದರೆ ಸಾಕೋ?’ ಎಂದು ಕೇಳುತ್ತಾರೆ. ಇನ್ನೊಬ್ಬರು, ‘ಚಿತ್ರ ಸಾಕು ಅಂದುಕೊಂಡಿದ್ದೇನೆ’ ಎನ್ನುತ್ತಾರೆ. ಆ ಬಳಿಕ ಹುಟ್ಟುಹಬ್ಬದ ಶುಭಾಶಯಗಳ ಮಳೆ. ಅದರ ನಡುವೆ ಶಿಕ್ಷಕಿಯ ಒಂದೇ ಪದ: ‘ಅಂಟಿಸಿ.’ ಬುಧವಾರ ಸಂಜೆ ಮತ್ತೊಂದು: ‘ಶುಕ್ರವಾರ ಶಾಲೆಗೆ ರಜೆ. ಅಂದಿನ ಕೆಲಸಗಳನ್ನು ಮುಂದಿನ ಶಾಲಾ ದಿನ ತರುವುದು. ಗಣಿತದ ಲೆಕ್ಕಗಳು ನಾಳೆಗೆ.’

ಇಲ್ಲಿ ‘ಚಾರ್ಟ್’ ಎಂದು ಹುಡುಕಿದವರಿಗೆ ಸಿಗುವುದು ಸೋಮವಾರದ ಸಂದೇಶ ಮಾತ್ರ. ದಿನ ಬದಲಾಯಿಸಿದ ಸಂದೇಶದಲ್ಲಿ ಆ ಪದವೇ ಇಲ್ಲ. ಹುಡುಕಾಟವನ್ನು ಪೂರ್ತಿ ನಂಬಬಾರದು ಎನ್ನುವುದು ಇದಕ್ಕೇ. ಒಂದೇ ಕೆಲಸವನ್ನು ಒಬ್ಬರು ಹೋಂವರ್ಕ್ ಎಂದರೆ ಇನ್ನೊಬ್ಬರು ಮನೆಗೆಲಸ ಎನ್ನುತ್ತಾರೆ, ಮತ್ತೊಬ್ಬರು `HW` ಎಂದಷ್ಟೇ ಒತ್ತುತ್ತಾರೆ. ಫೋಟೋ ತೆಗೆದು ಹಾಕಿದ ಸುತ್ತೋಲೆಯ ಒಳಗಿನ ಅಕ್ಷರಗಳನ್ನಾಗಲಿ, ಧ್ವನಿ ಸಂದೇಶದ ಮಾತುಗಳನ್ನಾಗಲಿ ಈ ಹುಡುಕಾಟ ಹಿಡಿಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಅವನ್ನು ತೆರೆದೇ ನೋಡಬೇಕು.

ಶಿಕ್ಷಕಿಯ ಸಂದೇಶಗಳನ್ನಷ್ಟೇ ಓದಿದರಾಯಿತು ಎನ್ನುವವರಿಗೂ ‘ಅಂಟಿಸಿ’ ಎಂಬ ಒಂಟಿ ಪದ ಏನೂ ಹೇಳುವುದಿಲ್ಲ. ಅದಕ್ಕೆ ಅರ್ಥ ಬರುವುದು ತಾಯಿಯ ಪ್ರಶ್ನೆಯಿಂದ. ಪ್ರಶ್ನೆಯನ್ನು ಉಲ್ಲೇಖಿಸಿ ಉತ್ತರಿಸಿದ್ದರೆ ಅದರ ಮೇಲೆ ಒತ್ತಿ ಮೂಲಕ್ಕೆ ಹೋಗಬಹುದು. ಇಲ್ಲದಿದ್ದರೆ ಹಿಂದಿನ ನಾಲ್ಕಾರು ಸಂದೇಶಗಳನ್ನು ಓದಬೇಕು. ‘ಅಂದುಕೊಂಡಿದ್ದೇನೆ’ ಎಂಬ ಪೋಷಕರ ಮಾತು ಎಷ್ಟು ಜನರ ಹೆಬ್ಬೆರಳು ಪಡೆದರೂ ಪ್ರಕಟಣೆಯಾಗುವುದಿಲ್ಲ. ಬೇರೆ ವಿಭಾಗದ ಗ್ರೂಪಿನಿಂದ ಫಾರ್ವರ್ಡ್ ಆಗಿ ಬಂದದ್ದೂ ಅಷ್ಟೇ.

ಓದುತ್ತಾ ಹೋದಂತೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಏನು, ಯಾವತ್ತಿಗೆ, ಯಾರು ಯಾವಾಗ ಹೇಳಿದ್ದು. ‘ನಾಳೆ’ ಎಂಬುದನ್ನು ಹಾಗೆಯೇ ನಕಲು ಮಾಡಬೇಡಿ. ಬುಧವಾರದ ‘ನಾಳೆ’ ಎಂದರೆ ಗುರುವಾರ, 14. ಅದನ್ನು ಗುರುವಾರ ಬೆಳಿಗ್ಗೆ ಓದಿದವರು ಶುಕ್ರವಾರ ಎಂದುಕೊಳ್ಳುತ್ತಾರೆ. ಮಧ್ಯರಾತ್ರಿ ದಾಟಿ ಬಂದ ‘ನಾಳೆ’ ಎರಡು ದಿನಗಳಿಗೂ ಹೊಂದುತ್ತದೆ. ಅದನ್ನು ಕೇಳಿಯೇ ತಿಳಿಯಬೇಕು.

ತಿದ್ದುಪಡಿ ಬಂದಾಗ ಹಳೆಯ ಸಾಲನ್ನು ಅಳಿಸದೆ, ಬದಲಾದ ಭಾಗಕ್ಕೆ ಮಾತ್ರ ಗೆರೆ ಎಳೆಯಿರಿ. ನಮ್ಮ ಉದಾಹರಣೆಯಲ್ಲಿ ಬುಧವಾರದ ಸಂದೇಶ ಚಾರ್ಟಿನ ದಿನವನ್ನು ಬದಲಿಸಿತೇ ಹೊರತು ಅಂಟಿಸುವ ಮಾತನ್ನಲ್ಲ. ಈಗ ಹಾಳೆಯಲ್ಲಿ ಉಳಿಯುವುದು ಎರಡೇ ಸಾಲು: ಗಣಿತದ ಲೆಕ್ಕಗಳು, ಗುರುವಾರ 14; ಎಲೆ ಅಂಟಿಸಿದ ಚಾರ್ಟ್, ಸೋಮವಾರ 18. ಆದರೆ ‘ಮುಂದಿನ ಶಾಲಾ ದಿನ’ ಸೋಮವಾರವಾಗುವುದು ಶನಿವಾರ ತರಗತಿ ಇಲ್ಲದಿದ್ದರೆ ಮಾತ್ರ. ಆ ಸಾಲಿನ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಇರಲಿ.

ಸದ್ದಿಲ್ಲದೆ ಬರುವ ಬದಲಾವಣೆಯೂ ಒಂದಿದೆ. ವಾಟ್ಸಾಪಿನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷಗಳೊಳಗೆ ತಿದ್ದಬಹುದು. ತಿದ್ದಿದ ಗುರುತು ಅದರ ಕೆಳಗೆ ಸಣ್ಣದಾಗಿ ಕಾಣಿಸುತ್ತದೆ. ಬಂದ ಕೂಡಲೇ ಓದಿ ಬರೆದುಕೊಂಡ ಚುರುಕಿನವರೇ ಇಲ್ಲಿ ಮೋಸಹೋಗುವುದು. ದಿನಾಂಕ ಇರುವ ಸಂದೇಶವನ್ನು ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ.

ಅನುಮಾನ ಉಳಿದರೆ ಗ್ರೂಪಿನಲ್ಲಿ ‘ಚಾರ್ಟ್ ಯಾವಾಗ?’ ಎಂದು ಕೇಳಬೇಡಿ. ಐವರು ಐದು ಉತ್ತರ ಕೊಡುತ್ತಾರೆ. ಶಿಕ್ಷಕಿಯ ಸಂದೇಶವನ್ನೇ ಉಲ್ಲೇಖಿಸಿ, ‘ಮೇಡಂ, ಎಲೆ ಅಂಟಿಸಿದ ಚಾರ್ಟ್ ಸೋಮವಾರ 18ಕ್ಕೆ ತರಬೇಕು, ಸರಿಯೇ?’ ಎಂದು ಬರೆಯಿರಿ. ಅವರು ‘ಹೌದು’ ಎಂದಷ್ಟೇ ಬರೆದರೂ ಏನು, ಯಾವತ್ತಿಗೆ ಎಂಬುದು ಒಂದೇ ಕಡೆ ಸಿಗುತ್ತದೆ, ಉಳಿದ ಪೋಷಕರಿಗೂ.