ಟ್ಯಾಕ್ರೋ ಲೆವೆಲ್ ಮತ್ತೆ ಬಿಕೆ ವೈರಸ್: ಕಿಡ್ನಿ ಕಸಿ ಆದವರಿಗೆ ನನ್ನ ನೋಟ್ಸು

ಕಸಿ ಆದ್ಮೇಲೆ, ಕಿಡ್ನಿ ಎಷ್ಟು ಚೆನ್ನಾಗಿ ಸೋಸ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ 0.2 ಏರಿದ್ರೂ ಸಾಕು, ನಮ್ಮ ತಲೆಗೆ ಮೊದಲು ಬರೋದು ಒಂದೇ, ರಿಜೆಕ್ಷನ್ ಆಗೋಯ್ತಾ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಅದಕ್ಕೆ ಮೂರು ಕಾರಣ ಇರಬಹುದು, ಔಷಧಿ ಕಮ್ಮಿಯಾಗಿ ದೇಹ ಹೊಸ ಕಿಡ್ನಿ ಮೇಲೆ ಬಿದ್ದಿರಬಹುದು, ಔಷಧಿ ಜಾಸ್ತಿಯಾಗಿ ಟ್ಯಾಕ್ರೋಲಿಮಸ್ಸೇ ಕಿಡ್ನಿ ರಕ್ತನಾಳ ಬಿಗಿ ಮಾಡಿರಬಹುದು, ಇಲ್ಲಾ ರೋಗನಿರೋಧಕ ಶಕ್ತಿ ತುಂಬಾ ತಗ್ಗಿ ಬಿಕೆ ವೈರಸ್ ಎದ್ದಿರಬಹುದು. ಮೊದಲನೇದಕ್ಕೆ ಮದ್ದು ಏರಿಸ್ಬೇಕು, ಉಳಿದೆರಡಕ್ಕೆ ಇಳಿಸ್ಬೇಕು. ಒಂದೇ ನಂಬರ್, ಟ್ರೀಟ್‌ಮೆಂಟ್ ಪೂರ್ತಿ ಉಲ್ಟಾ. ಇದೊಂದು ತಲೆಗೆ ಹತ್ತಿದ್ರೆ ಡಾಕ್ಟ್ರು ಯಾಕೆ ಇಷ್ಟೊಂದು ಟೆಸ್ಟ್ ಬರೀತಾರೆ ಅನ್ನೋದು ತಾನಾಗೇ ಅರ್ಥ ಆಗತ್ತೆ.

ಮೊದಲು ಟ್ಯಾಕ್ರೋ, ಅಂದ್ರೆ ಟ್ಯಾಕ್ರೋಲಿಮಸ್ ವಿಷಯ. ನಮ್ಮ ರಕ್ತದಲ್ಲಿ ಟಿ ಸೆಲ್ ಅಂತ ಕಾವಲುಗಾರರು ಇರ್ತಾರಲ್ಲ, ಅವರು ಹೊಸ ಕಿಡ್ನೀನ ಹೊರಗಿನವರು ಅಂತ ಗುರುತು ಹಿಡಿದು ಗಲಾಟೆ ಎಬ್ಬಿಸದ ಹಾಗೆ ತಡೆಯೋದು ಈ ಮಾತ್ರೆ. ತೊಂದರೆ ಏನಂದ್ರೆ ಇದರ ಹದ ಬಹಳ ಸಣ್ಣದು. ಸ್ವಲ್ಪ ಕಮ್ಮಿ ಆದ್ರೆ ರಿಜೆಕ್ಷನ್, ಸ್ವಲ್ಪ ಜಾಸ್ತಿ ಆದ್ರೆ ಕೈ ನಡುಕ, ಶುಗರ್ ಏರೋದು, ಪೊಟ್ಯಾಷಿಯಂ ಏರೋದು, ಕಿಡ್ನಿಗೇ ಪೆಟ್ಟು. ಒಬ್ಬೊಬ್ಬರ ಲಿವರ್ರು ಕರುಳು ಇದನ್ನ ಕರಗಿಸೋ ಸ್ಪೀಡ್ ಬೇರೆ ಬೇರೆ, ಅದಕ್ಕೆ ಪಕ್ಕದ ಬೆಡ್‌ನವರು ದಿನಕ್ಕೆ 2 ಮಿಲಿಗ್ರಾಂ ತಗೊಂಡ್ರೆ ನಿಮಗೆ 8 ಬೇಕಾಗಬಹುದು, ಅದರಲ್ಲಿ ಗಾಬರಿ ಪಡೋದೇನಿಲ್ಲ. ಡೋಸ್ ಹೋಲಿಸಬಾರದು, ಲೆವೆಲ್ ನೋಡ್ಬೇಕು. ಮೊದಲ ಮೂರು ತಿಂಗಳು ಸಾಮಾನ್ಯವಾಗಿ ಒಂದು ಎಂಎಲ್ ರಕ್ತಕ್ಕೆ 8ರಿಂದ 12 ನ್ಯಾನೋಗ್ರಾಂ ಹತ್ತಿರ ಇಡ್ತಾರೆ, ಆಮೇಲೆ ನಿಧಾನಕ್ಕೆ 5ರಿಂದ 8ಕ್ಕೆ ತರ್ತಾರೆ. ನಿಮ್ಮ ಟಾರ್ಗೆಟ್ ಎಷ್ಟು ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ ಫೈಲ್ ಮೇಲೆ ಬರ್ಕೊಳ್ಳಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾಗತ್ತೆ.

ಈ ನಂಬರ್‌ಗಳೆಲ್ಲ ಟ್ರಫ್ ಲೆವೆಲ್‌ನವು. ಅಂದ್ರೆ ಮುಂದಿನ ಮಾತ್ರೆ ನುಂಗೋಕೆ ಸ್ವಲ್ಪ ಮುಂಚೆ, ರಕ್ತದಲ್ಲಿ ಔಷಧಿ ಅತಿ ಕಮ್ಮಿ ಇರೋ ಹೊತ್ತಲ್ಲಿ ತೆಗೆದ ರಕ್ತದ್ದು. ದಿನಕ್ಕೆರಡು ಸಲ ತಗೊಳ್ಳೋ ಮಾತ್ರೆ ಆದ್ರೆ ಹಿಂದಿನ ಡೋಸ್ ಆಗಿ 12 ಗಂಟೆಗೆ, ದಿನಕ್ಕೊಂದೇ ಸಲದ ಮಾತ್ರೆ ಆದ್ರೆ 24 ಗಂಟೆಗೆ.

ನಾನು ಎರಡನೇ ತಿಂಗಳಲ್ಲಿ ಇಲ್ಲೇ ಎಡವಿದೆ. ಊರಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು, ಹೊಟ್ಟೆ ಹಸೀತಿತ್ತು ಅಂತ ಎರಡು ಇಡ್ಲಿ ತಿಂದು, ಅಭ್ಯಾಸ ಬಲದಿಂದ 7 ಗಂಟೆಗೆ ಮಾತ್ರೇನೂ ನುಂಗ್ಬಿಟ್ಟೆ, 9 ಗಂಟೆಗೆ ರಕ್ತ ಕೊಟ್ಟೆ. ರಿಪೋರ್ಟ್ 19.4! ಹಿಂದಿನ ವಾರ 9.1 ಇತ್ತು. ಒಪಿಡಿಯಲ್ಲಿ ಚಿಕ್ಕ ಡಾಕ್ಟ್ರು ಡೋಸ್ ಕಮ್ಮಿ ಮಾಡೋಕೆ ಪೆನ್ನು ತೆಗೆದಿದ್ರು, ಅಷ್ಟರಲ್ಲಿ ಸಿಸ್ಟರ್ ಕೇಳಿದ್ರು, "ಮಾತ್ರೆ ತಗೊಂಡು ಬಂದ್ರೇನಮ್ಮಾ?" ನಾನು ಹೂಂ ಅಂದೆ. ಮಾತ್ರೆ ನುಂಗಿ ಒಂದರಿಂದ ಮೂರು ಗಂಟೆ ಒಳಗೆ ಔಷಧಿ ರಕ್ತದಲ್ಲಿ ತುತ್ತತುದಿಗೆ ಹೋಗತ್ತೆ, ಅದೇ ಹೊತ್ತಿಗೆ ಸರಿಯಾಗಿ ನಾನು ಕೈ ಚಾಚಿದ್ದೆ. ಮಾರನೇ ದಿನ ಮಾತ್ರೆ ನುಂಗದೇ ರಕ್ತ ಕೊಟ್ಟಾಗ 9.6. ಆವತ್ತು ಡೋಸ್ ಅರ್ಧ ಮಾಡಿದ್ರೆ ನನ್ನ ನಿಜವಾದ ಲೆವೆಲ್ 5ರ ಕೆಳಗೆ ಬಂದಿರೋದು, ಅದೂ ಎರಡನೇ ತಿಂಗಳಲ್ಲಿ, ರಿಜೆಕ್ಷನ್ ಭಯ ಜಾಸ್ತಿ ಇರೋ ಟೈಮಲ್ಲಿ.

ಇದರ ಇನ್ನೊಂದು ಸಣ್ಣ ರೂಪ ಇದೆ, ಅದನ್ನ ಯಾರೂ ಹೇಳಲ್ಲ. ರಾತ್ರಿ ಮದುವೆ ಮನೆಯಿಂದ ತಡವಾಗಿ ಬಂದು 9ರ ಮಾತ್ರೆ 11ಕ್ಕೆ ತಗೊಂಡು ಬೆಳಿಗ್ಗೆ 8ಕ್ಕೆ ರಕ್ತ ಕೊಟ್ರೆ ಬರೀ 9 ಗಂಟೆ ಆಗಿರತ್ತೆ, ಲೆವೆಲ್ ಇದ್ದಿದ್ದಕ್ಕಿಂತ ಮೇಲೆ ಕಾಣತ್ತೆ. ಅದಕ್ಕೆ ಈಗ ನಾನು ಲ್ಯಾಬ್ ಚೀಟಿ ಮೇಲೆ ಎರಡು ಟೈಮ್ ಬರೀತೀನಿ, ಕೊನೇ ಮಾತ್ರೆ ಎಷ್ಟಕ್ಕೆ, ರಕ್ತ ಎಷ್ಟಕ್ಕೆ. ಡೋಸ್ ಬದಲಾಯಿಸಿದ ಮಾರನೇ ದಿನಾನೇ ಓಡಿಹೋಗಿ ಚೆಕ್ ಮಾಡ್ಸಿದ್ರೂ ಅರ್ಥ ಇಲ್ಲ, ಹೊಸ ಡೋಸ್‌ಗೆ ರಕ್ತ ಹೊಂದ್ಕೊಳ್ಳೋಕೆ ಕನಿಷ್ಠ ಎರಡು ಮೂರು ದಿನ ಬೇಕು.

ಟೈಮ್ ಸರಿ ಇದ್ದೂ ಲೆವೆಲ್ ಕುಣಿಯೋದಕ್ಕೆ ಬೇರೆ ಕಾರಣಗಳೂ ಇವೆ. ಗ್ರೇಪ್‌ಫ್ರೂಟ್ ತಿನ್ಬೇಡಿ ಅಂತ ಚೀಟೀಲಿ ಬರೆದಿರತ್ತೆ, ನಮ್ಮಲ್ಲಿ ಅದು ಎಲ್ಲಿ ಸಿಗತ್ತೆ ಅಂತ ನಾವು ಬಿಟ್ಬಿಡ್ತೀವಿ, ಆದ್ರೆ ಅದರ ಹತ್ತಿರದ ಸಂಬಂಧಿ ನಮ್ಮ ಚಕ್ಕೋತ. ಅದೂ ಅದೇ ಕೆಲಸ ಮಾಡತ್ತೆ, ಕರುಳಲ್ಲಿ ಟ್ಯಾಕ್ರೋ ಕರಗಿಸೋ ಕಿಣ್ವ ಕಟ್ಟಿಹಾಕಿ ಲೆವೆಲ್ ಏರಿಸತ್ತೆ. ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿ ಇರ್ಲಿ, ನಮಗಲ್ಲ. ಬಾಯಿ ಹುಣ್ಣಿಗೆ ಕೊಡೋ ಫ್ಲುಕೊನಜೋಲ್, ಕೆಮ್ಮಿಗೆ ಕೊಡೋ ಕ್ಲಾರಿಥ್ರೋಮೈಸಿನ್ ಇವೂ ಏರಿಸ್ತವೆ. ಟಿಬಿಗೆ ಕೊಡೋ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್ ಇಳಿಸ್ತವೆ, ಅದೂ ಜೋರಾಗೇ. ಬಿಪಿ ಮಾತ್ರೆ ಡಿಲ್ಟಿಯಾಜೆಮ್ ಲೆವೆಲ್ ಏರಿಸತ್ತೆ ಅಂತ ಗೊತ್ತಿದ್ದೇ ನಮ್ಮ ದೇಶದಲ್ಲಿ ಕೆಲವು ಡಾಕ್ಟ್ರು ಬೇಕಂತ್ಲೇ ಕೊಡ್ತಾರೆ, ಟ್ಯಾಕ್ರೋ ಕಮ್ಮಿ ಸಾಕಾಗತ್ತೆ, ಖರ್ಚೂ ಉಳಿಯತ್ತೆ. ಹಾಗೆ ತಗೊಳ್ತಿರೋರು ಬಿಪಿ ಸರಿ ಹೋಯ್ತಲ್ಲ ಅಂತ ಅದನ್ನ ನಿಲ್ಲಿಸಿದ್ರೆ ಟ್ಯಾಕ್ರೋ ಸದ್ದಿಲ್ಲದೆ ಕುಸಿಯತ್ತೆ. ಇನ್ನು ಭೇದಿ. ಭೇದಿ ಆದ್ರೆ ಔಷಧಿ ಹೊರಗೆ ಹೋಗಿ ಲೆವೆಲ್ ಕಮ್ಮಿ ಆಗತ್ತೆ ಅಂತ ಅನ್ಸತ್ತೆ ಅಲ್ವಾ? ಸಾಮಾನ್ಯವಾಗಿ ಆಗೋದು ಉಲ್ಟಾ. ಕೆರಳಿದ ಕರುಳು ಟ್ಯಾಕ್ರೋನ ತಡೆಯೋ ಶಕ್ತಿ ಕಳ್ಕೊಳ್ಳತ್ತೆ, ಜಾಸ್ತಿ ಒಳಗೆ ಹೋಗತ್ತೆ. ಎರಡು ದಿನ ಭೇದಿ ಆದ್ರೆ ಓಆರ್‌ಎಸ್ ಜೊತೆ ಲೆವೆಲ್ಲೂ ಬೇಕು.

ಈಗ ಬಿಕೆ. ಹೆಸರು ವಿಚಿತ್ರ ಅಲ್ವಾ, ಅದು 1971ರಲ್ಲಿ ವರದಿಯಾದ ಒಬ್ಬ ಕಿಡ್ನಿ ಕಸಿ ರೋಗಿಯ ಇನಿಷಿಯಲ್ಸು, ಅವರ ಮೂತ್ರದಲ್ಲಿ ಈ ವೈರಸ್ ಮೊದಲು ಸಿಕ್ಕಿದ್ದು. ನಮ್ಮಲ್ಲಿ ಬಹುತೇಕರಿಗೆ ಚಿಕ್ಕವರಿದ್ದಾಗ್ಲೇ ಇದು ಬಂದು, ಏನೂ ಗೊತ್ತಾಗದೆ, ಕಿಡ್ನಿ ಮತ್ತೆ ಮೂತ್ರನಾಳದಲ್ಲಿ ಮಲಗಿರತ್ತೆ. ಕಸಿ ಆದ್ಮೇಲೆ ಕಾವಲು ಸಡಿಲ ಆದಾಗ ಏಳತ್ತೆ. ಮೊದಲು ಮೂತ್ರದಲ್ಲಿ, ಕೆಲವು ವಾರ ಆದ್ಮೇಲೆ ರಕ್ತದಲ್ಲಿ, ಆಮೇಲೆ ಕಿಡ್ನಿಯ ನಳಿಕೆಗಳ ಕೋಶ ಒಡೆಯೋದು, ಕೊನೆಗೆ ಕಲೆಗಟ್ಟೋದು. ಮೂತ್ರದಲ್ಲಿ ಬಂದವರಿಗೆಲ್ಲ ರಕ್ತಕ್ಕೆ ಬರಲ್ಲ, ರಕ್ತಕ್ಕೆ ಬಂದವರಿಗೆಲ್ಲ ಕಿಡ್ನಿ ಕೆಡಲ್ಲ. ಜ್ವರ ಇಲ್ಲ, ನೋವಿಲ್ಲ, ಉರಿ ಇಲ್ಲ. ಕ್ರಿಯಾಟಿನಿನ್ ಏರೋ ಹೊತ್ತಿಗೆ ಡ್ಯಾಮೇಜ್ ಶುರುವಾಗಿರತ್ತೆ, ಅದಕ್ಕೇ ಕ್ರಿಯಾಟಿನಿನ್ ಚೆನ್ನಾಗಿದ್ದಾಗ್ಲೇ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸೋ ಪಿಸಿಆರ್ ಟೆಸ್ಟ್ ಮಾಡಿಸೋದು. ಈಗಿನ ಸಲಹೆ ಅಂದ್ರೆ ಮೊದಲ 9 ತಿಂಗಳು ತಿಂಗಳಿಗೊಮ್ಮೆ, ಆಮೇಲೆ 2 ವರ್ಷದ ತನಕ ಮೂರು ತಿಂಗಳಿಗೊಮ್ಮೆ. ಟೆಸ್ಟ್ ದುಬಾರಿ, ಬಿಟ್ಬಿಡೋಣ ಅಂತ ಅನ್ಸತ್ತೆ, ನನಗೂ ಅನ್ಸಿತ್ತು.

ನನ್ನ ಕೇಸೇ ಬರೀತೀನಿ. ಅಮ್ಮನ ಕಿಡ್ನಿ. ಟ್ಯಾಕ್ರೋ 3 ಮಿಲಿಗ್ರಾಂ ಬೆಳಿಗ್ಗೆ, 3 ಸಂಜೆ, ರಿಜೆಕ್ಷನ್ ತಡೆಯೋ ಇನ್ನೊಂದು ಮಾತ್ರೆ ಮೈಕೋಫಿನೊಲೇಟ್ 1 ಗ್ರಾಂ ಎರಡು ಹೊತ್ತು, ಜೊತೆಗೆ ಸ್ವಲ್ಪ ಸ್ಟಿರಾಯ್ಡ್. ಮೂರನೇ ತಿಂಗಳ ಪಿಸಿಆರ್‌ನಲ್ಲಿ ವೈರಸ್ ಇಲ್ಲ. ನಾಲ್ಕನೇ ತಿಂಗಳು ಒಂದು ಎಂಎಲ್‌ಗೆ 4,800 ಕಾಪಿ, ಕ್ರಿಯಾಟಿನಿನ್ 1.1. ಡಾಕ್ಟ್ರು ಏನೂ ಬದಲಾಯಿಸಲಿಲ್ಲ, ಎರಡು ವಾರ ಬಿಟ್ಟು ಅದೇ ಲ್ಯಾಬ್‌ನಲ್ಲೇ ಮತ್ತೆ ಮಾಡ್ಸಿ ಅಂದ್ರು. 1,000 ದಾಟಿದ್ದು ಮತ್ತೊಂದು ಸಲಾನೂ ಹಾಗೇ ಇದ್ರೆ, ಇಲ್ಲಾ ಒಂದೇ ಸಲಕ್ಕೆ 10,000 ದಾಟಿದ್ರೆ ಔಷಧಿ ಇಳಿಸೋದು ವಾಡಿಕೆ. ಎರಡು ವಾರಕ್ಕೆ 22,000. ಬಿಕೆಯನ್ನ ಕೊಲ್ಲೋ ಅಂಥ ಸಾಬೀತಾದ ಔಷಧಿ ಇಲ್ಲ, ನಮ್ಮದೇ ಟಿ ಸೆಲ್‌ಗಳಿಗೆ ಸ್ವಲ್ಪ ಹಗ್ಗ ಸಡಿಲ ಬಿಡೋದೇ ಟ್ರೀಟ್‌ಮೆಂಟು. ಮೈಕೋಫಿನೊಲೇಟ್ ಅರ್ಧ ಮಾಡಿದ್ರು, ಟ್ಯಾಕ್ರೋ ಟಾರ್ಗೆಟ್ 8ರಿಂದ 5ರ ಆಸುಪಾಸಿಗೆ ತಂದ್ರು. ಕೆಲವು ಕಡೆ ಮೊದಲು ಟ್ಯಾಕ್ರೋ ಮಾತ್ರ ಇಳಿಸ್ತಾರೆ, ಎರಡೂ ದಾರಿ ಇವೆ.

ತಿಂಗಳಾದ್ಮೇಲೆ 15,000 ಬಂತು. ನಾನು ಇಳೀತು ಅಂತ ಕುಣಿದಾಡಿದೆ, ಡಾಕ್ಟ್ರು ನಗ್ತಾ "ಇದಿನ್ನೂ ಇಳಿದ ಹಾಗಲ್ಲಮ್ಮ" ಅಂದ್ರು. ಪಿಸಿಆರ್ ನಂಬರ್ ಮೂರು ಪಟ್ಟಿನ ಒಳಗೇ ಹೆಚ್ಚುಕಮ್ಮಿ ಆದ್ರೆ ಅದು ಟೆಸ್ಟಿನ ಅಲುಗಾಟ ಇರಬಹುದು. 4,800ರಿಂದ 22,000 ಅಂದ್ರೆ ನಾಲ್ಕೂವರೆ ಪಟ್ಟು, ಅದು ನಿಜವಾದ ಏರಿಕೆ. 22,000ದಿಂದ 15,000 ಅಂದ್ರೆ ನಿಂತ ಕಡೇನೇ ನಿಂತ ಹಾಗೆ. ಲ್ಯಾಬ್ ಬದಲಾಯಿಸಿದ್ರಂತೂ ಹೋಲಿಕೆಯೇ ಆಗಲ್ಲ. ಮುಂದೆ 6,000, ಆಮೇಲೆ 900, ಒಂಬತ್ತನೇ ತಿಂಗಳಿಗೆ ಇಲ್ಲ ಅಂತ ಬಂತು. ಈ ಮಧ್ಯೆ ಕ್ರಿಯಾಟಿನಿನ್ 1.3ಕ್ಕೆ ಹೋಗಿ 1.2ಕ್ಕೆ ನಿಂತಿತು. ಔಷಧಿ ಇಳಿಸಿದ್ದಕ್ಕೆ ರಿಜೆಕ್ಷನ್ ಆಗಬಹುದು ಅಂತ ಎರಡು ವಾರಕ್ಕೊಮ್ಮೆ ಕ್ರಿಯಾಟಿನಿನ್, ಲೆವೆಲ್ ಎರಡೂ ನೋಡ್ತಿದ್ರು. 1.3 ದಾಟಿ ಏರ್ತಾ ಹೋಗಿದ್ರೆ ಬಯಾಪ್ಸಿ ಆಗ್ತಿತ್ತು, ಯಾಕಂದ್ರೆ ಮೈಕ್ರೋಸ್ಕೋಪಲ್ಲಿ ಬಿಕೆ ಮತ್ತೆ ರಿಜೆಕ್ಷನ್ ಎರಡೂ ಊತದ ಹಾಗೇ ಕಾಣ್ತವೆ, ಎಸ್‌ವಿ40 ಅನ್ನೋ ಬಣ್ಣ ಹಾಕಿದ್ಮೇಲೆ ವೈರಸ್ ಇರೋ ಕೋಶ ಬೇರೆ ಕಾಣತ್ತೆ.

ಬೇರೆ ಇನ್‌ಫೆಕ್ಷನ್ ಬಗ್ಗೆ ಚಿಕ್ಕದಾಗಿ. ಸಿಎಂವಿ ಅನ್ನೋ ಇನ್ನೊಂದು ವೈರಸ್ ಬಂದ್ರೆ ಜ್ವರ, ಸುಸ್ತು, ಭೇದಿ, ಬಿಳಿ ರಕ್ತಕಣ ಇಳಿಯೋದು. ಅದನ್ನ ತಡೆಯೋಕೆ ತುಂಬ ಜನಕ್ಕೆ ವಾಲ್‌ಗ್ಯಾನ್ಸಿಕ್ಲೋವಿರ್ 3ರಿಂದ 6 ತಿಂಗಳು ಕೊಡ್ತಾರೆ, ಅದು ನಿಂತ ಮೇಲಿನ ತಿಂಗಳುಗಳಲ್ಲೇ ಸಿಎಂವಿ ತಲೆ ಎತ್ತೋದು, ಹಾಗಾಗಿ ಮಾತ್ರೆ ಮುಗೀತು ಅಂತ ಮೈ ಮರೀಬೇಡಿ. ಮೂತ್ರದ ಇನ್‌ಫೆಕ್ಷನ್ನಲ್ಲಿ ಸೊಂಟ ನೋವು ಬರ್ಲಿ ಅಂತ ಕಾಯ್ಬೇಡಿ, ಹೊಸ ಕಿಡ್ನೀಗೆ ನರ ಜೋಡಿಸಿರಲ್ಲ, ನೋವು ಗೊತ್ತಾಗದೇ ಬರೀ ಚಳಿ ಜ್ವರ ಬರಬಹುದು. ಸಂಜೆ ಸಂಜೆ ಜ್ವರ, ತೂಕ ಇಳಿಯೋದು, ವಾರಗಟ್ಟಲೆ ಕೆಮ್ಮು ಅಂದ್ರೆ ಟಿಬಿ ನೋಡಿಸ್ಬೇಕು, ನಮ್ಮ ದೇಶದಲ್ಲಿ ಇದು ವರ್ಷಗಳಾದ ಮೇಲೂ ಬರತ್ತೆ, ಆಗ ಊರಿನ ಕ್ಲಿನಿಕ್ಕಲ್ಲೇ ಟಿಬಿ ಮಾತ್ರೆ ಶುರು ಮಾಡಿದ್ರೆ ರಿಫಾಂಪಿಸಿನ್ ಟ್ಯಾಕ್ರೋನ ತಿಂದುಹಾಕತ್ತೆ. 100.4 ಡಿಗ್ರಿ ಜ್ವರ ಬಂದ್ರೆ ಡೋಲೋ ನುಂಗಿ ಮಲಗೋದಲ್ಲ, ಕಸಿ ಯೂನಿಟ್‌ಗೆ ಆವತ್ತೇ ಫೋನು. ನಮಗೆ ಸ್ಟಿರಾಯ್ಡ್ ಇರೋದ್ರಿಂದ ಜ್ವರ ಇರೋದಕ್ಕಿಂತ ಕಮ್ಮಿ ಕಾಣತ್ತೆ, ಥರ್ಮಾಮೀಟರ್ 99.5 ತೋರಿಸಿ ಮೈ ನಡುಗ್ತಿದ್ರೂ ಫೋನ್ ಮಾಡಿ.

ನನ್ನ ಮುಂದಿನ ಪಿಸಿಆರ್, ಟ್ಯಾಕ್ರೋ ಲೆವೆಲ್ ಎರಡೂ ಗುರುವಾರ. ಬುಧವಾರ ರಾತ್ರಿ ಮಾತ್ರೆ 9ಕ್ಕೆ, ಬೆಳಿಗ್ಗೆಯ ಮಾತ್ರೆ ತಿಂಡಿ ಡಬ್ಬಿ ಒಳಗೆ ಇಡ್ತೀನಿ, ರಕ್ತ ಕೊಟ್ಟು ಹತ್ತಿ ಒತ್ತಿಕೊಂಡು ಹೊರಗೆ ಬಂದ್ಮೇಲೇ ಡಬ್ಬಿ ತೆಗೆಯೋದು.