ಸನ್‌ಸ್ಕ್ರೀನ್ ಲೇಬಲ್‌ನ ಫೋಟೋ ಕನ್ನಡಕ್ಕೆ ತರುವಾಗ: ಪ್ಯಾಚ್ ಟೆಸ್ಟ್ ಸಾಲಿಗೆ ಹೆಚ್ಚು ಗಮನ

ಸೂಕ್ಷ್ಮ ಚರ್ಮದವರೊಬ್ಬರು ಟ್ಯೂಬಿನ ಹಿಂಭಾಗದ ಫೋಟೋ ಕಳಿಸಿ, "ಇದನ್ನು ಹೇಗೆ ಹಚ್ಚಬೇಕು, ಇದರಲ್ಲಿ ಏನೇನಿದೆ, ಕನ್ನಡದಲ್ಲಿ ಬರೆದುಕೊಡಿ" ಎಂದು ಕೇಳುತ್ತಾರೆ ಅಂದುಕೊಳ್ಳಿ. ಅಂಥ ಲೇಬಲ್‌ಗಳನ್ನು ಓದುತ್ತಾ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಉದಾಹರಣೆಗೆ ನಾನೇ ಜೋಡಿಸಿಕೊಂಡ ಒಂದು ಮಾದರಿ ಲೇಬಲ್ ಇಟ್ಟುಕೊಂಡಿದ್ದೇನೆ. ಅದರ ಬಳಕೆಯ ಸೂಚನೆ ಇಷ್ಟು: ಬಿಸಿಲಿಗೆ ಹೋಗುವ 15 ನಿಮಿಷ ಮೊದಲು ಧಾರಾಳವಾಗಿ ಹಚ್ಚಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಿ, ಮೊದಲ ಸಲ ಬಳಸುವಾಗ ಚರ್ಮದ ಚಿಕ್ಕ ಜಾಗದಲ್ಲಿ ಹಚ್ಚಿ 24 ಗಂಟೆ ಕಾದು ನೋಡಿ. ಈ ಕೊನೆಯದೇ ಪ್ಯಾಚ್ ಟೆಸ್ಟ್. ಪದಾರ್ಥಗಳು: ಆಕ್ವಾ, ಆಕ್ಟೋಕ್ರಿಲೀನ್, ಗ್ಲಿಸರಿನ್, ಟೈಟಾನಿಯಂ ಡೈಆಕ್ಸೈಡ್, ಸೀಟಿಯರಿಲ್ ಆಲ್ಕೋಹಾಲ್, ಫಿನಾಕ್ಸಿಎಥನಾಲ್, ಕ್ಸಾಂಥನ್ ಗಮ್, ಪರ್ಫ್ಯೂಮ್, ಲಿನಲೂಲ್.

ಫೋಟೋ ಬಗ್ಗೆ ಒಂದೇ ಮಾತು. ಟ್ಯೂಬು ಉಬ್ಬಿರುವುದರಿಂದ ಎರಡೂ ಅಂಚಿನ ಅಕ್ಷರ ಮಸುಕಾಗುತ್ತದೆ. ಪದಾರ್ಥಗಳ ಉದ್ದುದ್ದ ಹೆಸರು ಅರ್ಧಕ್ಕೆ ಮುರಿದು ಮುಂದಿನ ಸಾಲಿಗೆ ಇಳಿಯುವುದೂ ಅಲ್ಲೇ. ಟ್ಯೂಬನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ಫೋಟೋ ತೆಗೆಸಿಕೊಳ್ಳಿ. ಓದಲು ಬರದ ಹೆಸರನ್ನು ಊಹಿಸಿ ತುಂಬಬೇಡಿ, "ಇಲ್ಲಿ ಓದಲಾಗುತ್ತಿಲ್ಲ" ಎಂದೇ ಬರೆಯಿರಿ. ಅಲರ್ಜಿ ಇರುವವರಿಗೆ ಆ ಒಂದು ಹೆಸರೇ ಬೇಕಾಗಿರಬಹುದು.

"ಧಾರಾಳವಾಗಿ" ಅಂದರೆ ಎಷ್ಟು?

ಧಾರಾಳ ಎಂದು ಬರೆದರೆ ತಪ್ಪಿಲ್ಲ, ಆದರೆ ಓದಿದವರು ಬಟಾಣಿಯಷ್ಟು ತೆಗೆದು ಮುಖಕ್ಕೆಲ್ಲ ಎಳೆಯುತ್ತಾರೆ. ಎಸ್‌ಪಿಎಫ್ ಅಂಕಿಯನ್ನು ಅಳೆಯುವಾಗ ಪ್ರಯೋಗಾಲಯದಲ್ಲಿ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮುಂಭಾಗದಲ್ಲಿ ಅಚ್ಚಾದ 50 ಎಂಬ ಅಂಕಿ ಅಷ್ಟು ದಪ್ಪ ಪದರಕ್ಕೆ ಮಾತ್ರ ನಿಜ. ತೆಳುವಾಗಿ ಸವರಿದರೆ ರಕ್ಷಣೆ ತುಂಬಾ ಇಳಿಯುತ್ತದೆ. ಆದ್ದರಿಂದ ಅಳತೆಯನ್ನೂ ಸೇರಿಸಿ ಬರೆಯುವುದು ಒಳ್ಳೆಯದು. ಮುಖಕ್ಕೂ ಕುತ್ತಿಗೆಗೂ ಸೇರಿ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಒಂದೊಂದು ಗೆರೆ ಎಳೆದರೆ ಸರಿಸುಮಾರು ಸಾಕು. ದೊಡ್ಡವರ ಮೈಗೆಲ್ಲ ಹಚ್ಚಲು ಸುಮಾರು 30 ಗ್ರಾಂ ಬೇಕು. ಅಂದರೆ 50 ಗ್ರಾಂ ಟ್ಯೂಬು ಎರಡು ಸಲಕ್ಕೂ ಪೂರ್ತಿ ಬರುವುದಿಲ್ಲ.

ಈ ಅಳತೆ ಪ್ಯಾಚ್ ಟೆಸ್ಟ್‌ಗೂ ಬೇಕು. ಟೆಸ್ಟ್ ಮಾಡುವಾಗ ಒಂದು ಚುಕ್ಕೆ ಇಟ್ಟು ಉಜ್ಜಿ ಮಾಯ ಮಾಡಿದರೆ, ಆಮೇಲೆ ದಪ್ಪಗೆ ಹಚ್ಚಿದಾಗ ಚರ್ಮ ಏನು ಮಾಡುತ್ತದೆ ಅನ್ನುವುದು ತಿಳಿಯುವುದಿಲ್ಲ.

24 ಗಂಟೆ ಏಕೆ ಸಾಲದು

ನಾನು ಜಾಸ್ತಿ ಹೊತ್ತು ನಿಂತದ್ದು ಇಲ್ಲೇ. ಲೇಬಲ್ 24 ಗಂಟೆ ಎನ್ನುತ್ತದೆ, ಚರ್ಮರೋಗ ತಜ್ಞರು ವಾರಕ್ಕೂ ಜಾಸ್ತಿ ಎನ್ನುತ್ತಾರೆ. ಎರಡೂ ಒಂದೇ ಟೆಸ್ಟ್ ಅಲ್ವಾ, ಹಾಗಾದರೆ ಇಷ್ಟು ಅಂತರ ಏಕೆ? ಚರ್ಮ ಕೆರಳುವುದಕ್ಕೆ ಮೂರು ಬೇರೆ ಬೇರೆ ದಾರಿಗಳಿವೆ, ಒಂದೊಂದಕ್ಕೂ ಒಂದೊಂದು ಸಮಯವಿದೆ. ಇದು ತಿಳಿದ ಮೇಲೆ ಅಂತರದ ಕಾರಣ ಹೊಳೆಯಿತು.

ಮೊದಲನೆಯದು ಬರಿಯ ಉರಿ. ಪದಾರ್ಥ ಚರ್ಮದ ಮೇಲ್ಪದರವನ್ನೇ ನೇರವಾಗಿ ಕೆಣಕುತ್ತದೆ. ಇದು ನಿಮಿಷಗಳಲ್ಲೋ ಗಂಟೆಗಳಲ್ಲೋ ಕಾಣುತ್ತದೆ. 24 ಗಂಟೆಯ ಟೆಸ್ಟ್‌ಗೆ ಸಿಗುವುದು ಹೆಚ್ಚಾಗಿ ಇದೇ.

ಎರಡನೆಯದು ಅಲರ್ಜಿ. ಇಲ್ಲಿ ಕೆಲಸ ಮಾಡುವುದು ರೋಗನಿರೋಧಕ ಜೀವಕೋಶಗಳು. ಅವು ಆ ಪದಾರ್ಥವನ್ನು ಗುರುತಿಸಿ, ಹೆಚ್ಚಿ, ಆ ಜಾಗಕ್ಕೆ ಬಂದು ಸೇರಬೇಕು. ಮೊದಲೇ ಅಲರ್ಜಿ ಬೆಳೆದಿರುವವರಲ್ಲೂ ಇದಕ್ಕೆ ಸಾಮಾನ್ಯವಾಗಿ 1ರಿಂದ 3 ದಿನ ಹಿಡಿಯುತ್ತದೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಆಸ್ಪತ್ರೆಯಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಟೆಸ್ಟ್‌ನಲ್ಲಿ ಪಟ್ಟಿಯನ್ನು 48 ಗಂಟೆಗೆ ತೆಗೆದು, ಮತ್ತೆ 72 ಅಥವಾ 96 ಗಂಟೆಗೆ ಕರೆಸಿ ನೋಡುವುದು ಇದಕ್ಕಾಗಿಯೇ. 24 ಗಂಟೆಗೆ ಕೈ ನೋಡಿ "ಏನೂ ಆಗಿಲ್ಲ" ಎಂದರೆ ಈ ಪ್ರತಿಕ್ರಿಯೆ ಇನ್ನೂ ಶುರುವಾಗಿರದೆ ಇರಬಹುದು.

ಮೂರನೆಯದು ಸನ್‌ಸ್ಕ್ರೀನ್‌ಗೆ ವಿಶೇಷವಾಗಿ ಸಂಬಂಧಿಸಿದ್ದು: ಬೆಳಕು ಬಿದ್ದರೆ ಮಾತ್ರ ಬರುವ ಅಲರ್ಜಿ. ಸನ್‌ಸ್ಕ್ರೀನ್‌ನ ಫಿಲ್ಟರ್ ಮಾಡುವ ಕೆಲಸವೇ ನೇರಳಾತೀತ ಕಿರಣ ಹೀರುವುದು. ಕೆಲವು ಫಿಲ್ಟರ್‌ಗಳು ಹಾಗೆ ಹೀರಿದಾಗ ರೂಪ ಬದಲಿಸಿ ಚರ್ಮದ ಪ್ರೋಟೀನ್‌ಗೆ ಅಂಟಿಕೊಳ್ಳುತ್ತವೆ. ಆ ಹೊಸ ಜೋಡಿಯನ್ನು ದೇಹ ಪರಕೀಯ ಎಂದು ತಿಳಿಯುತ್ತದೆ. ಬೆಂಜೋಫಿನೋನ್-3 ಮತ್ತು ಆಕ್ಟೋಕ್ರಿಲೀನ್ ಇದಕ್ಕೆ ಚೆನ್ನಾಗಿ ಗೊತ್ತಿರುವ ಹೆಸರುಗಳು. ನಮ್ಮ ಮಾದರಿ ಲೇಬಲ್‌ನಲ್ಲಿ ಆಕ್ಟೋಕ್ರಿಲೀನ್ ಎರಡನೆಯ ಸ್ಥಾನದಲ್ಲೇ ಇದೆ. ರಾತ್ರಿ ಹಚ್ಚಿ, ತೋಳು ಮುಚ್ಚಿ, ಬೆಳಿಗ್ಗೆ ತೊಳೆದು ನೋಡಿದರೆ ಈ ಅಲರ್ಜಿ ಕಾಣಿಸಿಕೊಳ್ಳಲು ದಾರಿಯೇ ಇಲ್ಲ. ಬೆಳಕೇ ಬಿದ್ದಿಲ್ಲವಲ್ಲ!

ಹಾಗಾಗಿ ಲೇಬಲ್‌ನ ಸಾಲನ್ನು ಇದ್ದ ಹಾಗೆ ಅನುವಾದಿಸಿ, ಅದರ ಕೆಳಗೆ "ಲೇಬಲ್‌ನಲ್ಲಿಲ್ಲ, ನನ್ನ ಸೇರ್ಪಡೆ" ಎಂದು ಹೇಳಿ ಹೀಗೆ ಬರೆಯುತ್ತೇನೆ.

ಮುಂಗೈಯ ಒಳಭಾಗ, ಮೊಣಕೈ ಮಡಿಕೆಯ ಹತ್ತಿರ, ರೂಪಾಯಿ ನಾಣ್ಯದಷ್ಟು ಜಾಗ ಆರಿಸಿ. ದಿನಕ್ಕೆ ಎರಡು ಸಲ, 7ರಿಂದ 10 ದಿನ, ನಿಜವಾಗಿ ಬಳಸುವಷ್ಟೇ ದಪ್ಪ ಹಚ್ಚಿ. ಪಟ್ಟಿ ಕಟ್ಟಬೇಡಿ. ಮುಚ್ಚಿದ ಜಾಗದಲ್ಲಿ ಬೆವರು ನಿಂತು ಸುಮ್ನೆ ಕೆಂಪಾಗುತ್ತದೆ, ಆಮೇಲೆ ಕ್ರೀಮಿನಿಂದ ಆದದ್ದೋ ಪಟ್ಟಿಯಿಂದ ಆದದ್ದೋ ತಿಳಿಯುವುದಿಲ್ಲ. ಅದೇ ದಿನಗಳಲ್ಲಿ ಎರಡೂ ಕೈಗೆ ಹಚ್ಚಿ. ಎಡಗೈ ಸದಾ ತುಂಬು ತೋಳಿನ ಒಳಗಿರಲಿ. ಬಲಗೈಯ ಜಾಗಕ್ಕೆ ದಿನನಿತ್ಯ ಹೊರಗೆ ಹೋದಾಗ ಬೀಳುವ ಬೆಳಕು ಬೀಳಲಿ. ಬೇಕೆಂದೇ ಸುಡುಬಿಸಿಲಿನಲ್ಲಿ ನಿಲ್ಲುವುದು ಬೇಡ, ಬಿಸಿಲಿಗೆ ಸುಟ್ಟ ಕೆಂಪೂ ಅಲರ್ಜಿಯ ಕೆಂಪೂ ಬೆರೆತುಹೋಗುತ್ತವೆ. ಆ ಜಾಗಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಟೆಸ್ಟ್ ಮುಂದೂಡಿ, ಅದು ಪ್ರತಿಕ್ರಿಯೆಯನ್ನೇ ಅಡಗಿಸಿಬಿಡುತ್ತದೆ. ಗಾಯ, ದದ್ದು ಇರುವ ಜಾಗವೂ ಬೇಡ.

ಈಗ ಓದುವುದು ಹೇಗೆ? ಒಂದು ಉದಾಹರಣೆ. ಮೂರನೆಯ ದಿನ ಬಲಗೈ ಕೆಂಪಾಗಿ ತುರಿಸುತ್ತಿದೆ, ಎಡಗೈಯಲ್ಲಿ ಏನೂ ಇಲ್ಲ. ಅನುಮಾನ ಬೆಳಕಿನ ಅಲರ್ಜಿಯ ಕಡೆ ತಿರುಗುತ್ತದೆ. ಎರಡೂ ಕೈ ತುರಿಸಿದರೆ ಬೆಳಕಿನ ಪಾತ್ರವಿಲ್ಲದ ಸಾದಾ ಅಲರ್ಜಿ ಇರಬಹುದು. ಹಚ್ಚಿದ ಅರ್ಧ ಗಂಟೆಯಲ್ಲೇ ಎರಡೂ ಕಡೆ ಉರಿದು, ತೊಳೆದ ಮೇಲೆ ತಣ್ಣಗಾದರೆ ಅದು ಕೆಣಕುವಿಕೆ.

ಹತ್ತಿರದಿಂದ ನೋಡಿದರೂ ವ್ಯತ್ಯಾಸ ಕಾಣುತ್ತದೆ. ಕೆಣಕಿದ ಚರ್ಮದಲ್ಲಿ ಕೆಂಪು ಹಚ್ಚಿದ ಜಾಗದ ಗಡಿಯೊಳಗೇ ನಿಲ್ಲುತ್ತದೆ, ಉರಿ ಜಾಸ್ತಿ, ತುರಿಕೆ ಕಡಿಮೆ, ನಿಲ್ಲಿಸಿದರೆ ಇಳಿಯುತ್ತದೆ. ಅಲರ್ಜಿಯಲ್ಲಿ ತುರಿಕೆ ಮುಂದೆ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅಂಚು ಕಲಸಿದಂತಾಗಿ ಹಚ್ಚದ ಕಡೆಗೂ ಹರಡುತ್ತದೆ, ನಿಲ್ಲಿಸಿದ ಮೇಲೂ ಒಂದೆರಡು ದಿನ ಏರುತ್ತದೆ. ಕಪ್ಪು ಅಥವಾ ಕಂದು ಬಣ್ಣದ ಚರ್ಮದಲ್ಲಿ ಕೆಂಪು ಕಾಣದೆ ಬರೀ ಗಾಢ ಬಣ್ಣ ಕಾಣಬಹುದು, ಆದ್ದರಿಂದ ಬೆರಳಿನಿಂದ ಮುಟ್ಟಿ ಒರಟಾಗಿದೆಯೇ ನೋಡಿ. ಈ ಗುರುತುಗಳು ಒಂದರೊಳಗೊಂದು ಬೆರೆಯುವುದೂ ಉಂಟು, ಖಚಿತ ಹೆಸರು ಹೇಳಬೇಕಾದವರು ವೈದ್ಯರು. ಬೆಳಕಿನ ಅಲರ್ಜಿಗೆ ಅವರ ಬಳಿ ಬೇರೆ ಟೆಸ್ಟೇ ಇದೆ: ಎರಡು ಸಾಲು ಪಟ್ಟಿ ಅಂಟಿಸಿ, ಒಂದು ಸಾಲಿಗೆ ಮಾತ್ರ ಯುವಿಎ ಎಂಬ ನೇರಳಾತೀತ ಬೆಳಕು ಬಿಟ್ಟು ಹೋಲಿಸುತ್ತಾರೆ. ಮುಖ, ತುಟಿ ಊದಿದರೆ ಅಥವಾ ಉಸಿರು ಕಟ್ಟಿದರೆ ಟೆಸ್ಟ್ ವಿಚಾರ ಬಿಟ್ಟು ತಕ್ಷಣ ಆಸ್ಪತ್ರೆಗೆ.

ಕೈ ಪಾಸಾಯಿತು ಎಂದರೆ ರೆಪ್ಪೆಯೂ ಪಾಸಾಯಿತು ಎಂದಲ್ಲ. ರೆಪ್ಪೆಯ ಚರ್ಮ ತುಂಬಾ ತೆಳು. ಮುಂದೆ ಕಿವಿಯ ಕೆಳಗೆ, ದವಡೆಯ ಪಕ್ಕ ಒಂದೆರಡು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ.

ಪದಾರ್ಥಗಳ ಪಟ್ಟಿ

ಹೆಸರುಗಳನ್ನು ಅನುವಾದಿಸಬೇಡಿ, ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಅದರ ಕೆಲಸ ಹೇಳಿ. ಸೀಟಿಯರಿಲ್ ಆಲ್ಕೋಹಾಲ್ ಅನ್ನು "ಮದ್ಯಸಾರ" ಎಂದು ಬರೆದರೆ ಓದಿದವರು ಹೆದರಿ ಟ್ಯೂಬು ಎಸೆಯುತ್ತಾರೆ. ಅದು ಮೇಣದಂಥ ಮೃದು ಪದಾರ್ಥ, ಕ್ರೀಮಿಗೆ ಮಂದ ಕೊಡುತ್ತದೆ. ಚರ್ಮ ಒಣಗಿಸಿ ಉರಿ ತರುವುದು ಆಲ್ಕೋಹಾಲ್ ಡಿನ್ಯಾಟ್ ಎಂಬ ಬೇರೆಯೇ ಹೆಸರಿನದು.

ನನಗೆ ಇಷ್ಟವಾದ ಒಂದು ಅಡ್ಡದಾರಿ ಇದೆ. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಹುಡುಕಿ. ಅದು ಕೆಡದಂತೆ ಇಡುವ ಪದಾರ್ಥ, ಯುರೋಪಿನ ನಿಯಮದಲ್ಲಿ ಶೇ 1ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಪಟ್ಟಿ ಪ್ರಮಾಣದ ಇಳಿಕೆಯ ಕ್ರಮದಲ್ಲಿರುತ್ತದೆ, ಶೇ 1ಕ್ಕಿಂತ ಕಡಿಮೆ ಇರುವವು ಹೇಗೆ ಬೇಕಾದರೂ ಬರಬಹುದು. ಹಾಗಾಗಿ ಫಿನಾಕ್ಸಿಎಥನಾಲ್ ನಂತರ ಬಂದದ್ದು ಶೇ 1ಕ್ಕಿಂತ ಜಾಸ್ತಿ ಇರುವುದಿಲ್ಲ. ಮುಂಭಾಗದಲ್ಲಿ ದೊಡ್ಡದಾಗಿ ಹೂವಿನ ಚಿತ್ರ ಹಾಕಿ, ಹೂವಿನ ಸಾರ ಈ ಗೆರೆಯ ಕೆಳಗಿದ್ದರೆ ಎಷ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಇದಕ್ಕೆ ಎರಡು ಮಿತಿ. ಅಮೆರಿಕದಲ್ಲಿ ಸನ್‌ಸ್ಕ್ರೀನ್ ಔಷಧಿಯ ಲೆಕ್ಕ, ಫಿಲ್ಟರ್‌ಗಳನ್ನು ಬೇರೆ ಪಟ್ಟಿಯಲ್ಲಿ ಶೇಕಡಾವಾರು ಕೊಟ್ಟು, ಉಳಿದವನ್ನು ಎಷ್ಟೋ ಸಲ ಅಕ್ಷರಕ್ರಮದಲ್ಲಿ ಬರೆಯುತ್ತಾರೆ. ಎಲ್ಲ ಹೆಸರೂ ಎ, ಬಿ, ಸಿ ಎಂದು ಸಾಗುತ್ತಿದ್ದರೆ ಅಡ್ಡದಾರಿ ಮರೆತುಬಿಡಿ.

ಎರಡನೆಯದು ಸೂಕ್ಷ್ಮ ಚರ್ಮದವರಿಗೆ ಮುಖ್ಯ: ಅಲರ್ಜಿಗೆ ಶೇ 1 ಬೇಕಾಗಿಲ್ಲ. ಮೀಥೈಲ್‌ಐಸೋಥಯಜೋಲಿನೋನ್ ಎಂಬ ಸಂರಕ್ಷಕವನ್ನು ಯುರೋಪಿನಲ್ಲಿ ಶೇ 0.01ರ ಮಿತಿಯಲ್ಲಿ ಬಿಟ್ಟಿದ್ದರೂ ಅಲರ್ಜಿಗಳು ಏರಿದವು. ತೊಳೆಯದೆ ಚರ್ಮದ ಮೇಲೇ ಬಿಡುವ ಕ್ರೀಮುಗಳಲ್ಲಿ ಅದು 2017ರಿಂದ ಅಲ್ಲಿ ನಿಷಿದ್ಧ. ನಮ್ಮ ಮಾದರಿಯಲ್ಲಿ ಗೆರೆಯ ಕೆಳಗಿರುವ ಪರ್ಫ್ಯೂಮ್ ಮತ್ತು ಲಿನಲೂಲ್ ಕೂಡ ಹಾಗೆಯೇ. ಪರ್ಫ್ಯೂಮ್ ಎಂದರೆ ಒಂದು ಪದಾರ್ಥವಲ್ಲ, ಹಲವು ಸುವಾಸನೆಗಳ ಮಿಶ್ರಣಕ್ಕೆ ಇಟ್ಟ ಹೆಸರು. ಲಿನಲೂಲ್ ಆ ಸುವಾಸನೆಯ ಪದಾರ್ಥಗಳಲ್ಲೊಂದು, ಅಲರ್ಜಿಗೆ ಹೆಸರಾಗಿರುವುದರಿಂದ ಬೇರೆಯಾಗಿ ನಮೂದಿಸಿದ್ದಾರೆ. ಸುವಾಸನೆ ಆಗದವರಿಗೆ ಕಳಿಸುವ ಅನುವಾದದಲ್ಲಿ ಈ ಎರಡು ಹೆಸರನ್ನು ಪಟ್ಟಿಯ ಕೊನೆಯಿಂದ ಎತ್ತಿ ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಅದರ ಕೆಳಗೆ ಆಕ್ಟೋಕ್ರಿಲೀನ್, ನಂತರ ಉಳಿದದ್ದು.