ಕೊನೆಯ ಕುಂಡಕ್ಕೆ ನೀರು ಕಡಿಮೆಯಾಗುವುದೇಕೆ?

ಬಾಲ್ಕನಿಯ ಹನಿ ನೀರಾವರಿಯಲ್ಲಿ ಡ್ರಿಪ್ಪರ್‌ಗಳು ಒಟ್ಟಿಗೇ ಕಟ್ಟಿಕೊಳ್ಳುವುದು ಅಪರೂಪ. ಸಾಮಾನ್ಯವಾಗಿ ಪೈಪಿನ ತುದಿಯಲ್ಲಿರುವವು ಮೊದಲು ಸೊರಗುತ್ತವೆ. ಒಳವ್ಯಾಸ 13 ಮಿ.ಮೀ. ಇರುವ ಪೈಪಿನಲ್ಲಿ, ಗಂಟೆಗೆ 2 ಲೀಟರ್ ಬಿಡುವ ಹತ್ತು ಡ್ರಿಪ್ಪರ್‌ಗಳಿವೆ ಎಂದುಕೊಳ್ಳೋಣ. ಆರಂಭದಲ್ಲಿ ನೀರು ಸೆಕೆಂಡಿಗೆ ಸುಮಾರು 4 ಸೆಂ.ಮೀ. ವೇಗದಲ್ಲಿ ಹರಿಯುತ್ತದೆ. ಪ್ರತಿ ಡ್ರಿಪ್ಪರ್ ತನ್ನ ಪಾಲನ್ನು ಹೊರಬಿಡುತ್ತಾ ಹೋಗುವುದರಿಂದ ಹತ್ತನೆಯದರ ಬಳಿ ಆ ವೇಗ 4 ಮಿ.ಮೀ.ಗೆ ಇಳಿದಿರುತ್ತದೆ. 120 ಮೆಶ್ ಫಿಲ್ಟರಿನ ರಂಧ್ರಗಳು ಸುಮಾರು 130 ಮೈಕ್ರಾನ್ ಅಗಲ. ಅದಕ್ಕಿಂತ ಸಣ್ಣ ಹೂಳು ಒಳಗೆ ನುಸುಳಿ, ಹರಿವು ಮಂದವಾದ ಈ ತುದಿಯಲ್ಲಿ ತಳಕ್ಕೆ ಕೂರುತ್ತದೆ, ಬ್ಯಾಕ್ಟೀರಿಯಾದ ಲೋಳೆ ಅದನ್ನು ಅಂಟಿಸಿ ಹಿಡಿದಿಡುತ್ತದೆ.

ಸ್ವಚ್ಛಗೊಳಿಸುವ ಮೊದಲೇ ಅಳೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತೊಳೆದ ಮೇಲೆ ದೋಷ ಎಲ್ಲಿತ್ತೆಂಬ ಸುಳಿವೇ ಅಳಿಸಿಹೋಗುತ್ತದೆ. ಪ್ರತಿ ಡ್ರಿಪ್ಪರಿನ ಕೆಳಗೆ ಲೋಟವಿಟ್ಟು 6 ನಿಮಿಷ ನೀರು ಹಿಡಿದರೆ 200 ಮಿ.ಲೀ. ಸಿಗಬೇಕು. ಮೊದಲ ಏಳು ಲೋಟಗಳಲ್ಲಿ ಸುಮಾರು 160, ಎಂಟು ಮತ್ತು ಒಂಬತ್ತನೆಯದರಲ್ಲಿ 120, ಹತ್ತನೆಯದರಲ್ಲಿ 60 ಮಿ.ಲೀ. ಬಂತೆನ್ನಿ. ಇಲ್ಲಿ ಎರಡು ದೋಷಗಳು ಸೇರಿಕೊಂಡಿವೆ: ಎಲ್ಲ ಲೋಟಗಳಲ್ಲೂ ಕಾಣುವ ಕೊರತೆ ಫಿಲ್ಟರಿನತ್ತ ಬೆರಳು ತೋರಿದರೆ, ತುದಿಯ ಹೆಚ್ಚುವರಿ ಕೊರತೆ ಪೈಪಿನೊಳಗಿನ ಹೂಳನ್ನು ಸೂಚಿಸುತ್ತದೆ.

ನಲ್ಲಿ ಮುಚ್ಚಿ ಫಿಲ್ಟರಿನ ಜಾಲರಿಯನ್ನು ಹೊರತೆಗೆದು, ನೀರು ಹರಿಯುವ ದಿಕ್ಕಿಗೆ ವಿರುದ್ಧವಾಗಿ ತೊಳೆಯುತ್ತಾ ಮೃದುವಾದ ಬ್ರಷ್‌ನಿಂದ ಉಜ್ಜಬೇಕು. ತಂತಿ, ಸೂಜಿ ಬೇಡ. ಜಾಲರಿಯಲ್ಲಿ ಒಂದು ಹರಕು ಬಿದ್ದರೂ ಸಾಕು, ಮುಂದಿನ ಕಸವೆಲ್ಲ ಡ್ರಿಪ್ಪರ್‌ಗಳಿಗೇ ಹೋಗುತ್ತದೆ. ಮರುಜೋಡಣೆಯ ವೇಳೆ ಒಂದಷ್ಟು ಕೊಳೆ ಸ್ವಚ್ಛ ಭಾಗಕ್ಕೆ ಬೀಳಬಹುದಾದ್ದರಿಂದ, ಪೈಪಿನ ತುದಿಯ ಮುಚ್ಚಳ ತೆಗೆದೇ ನಲ್ಲಿ ತೆರೆಯಬೇಕು. ಹೂಳು ಎದ್ದು ಬರಲು ನೀರು ಸೆಕೆಂಡಿಗೆ 30 ಸೆಂ.ಮೀ.ನಷ್ಟಾದರೂ ವೇಗವಾಗಿ ಹರಿಯಬೇಕು. ಈ ಪೈಪಿನ ಮಟ್ಟಿಗೆ, ತುದಿಯಲ್ಲಿ ಹಿಡಿದ ಒಂದು ಲೀಟರ್ ಪಾತ್ರೆ 25 ಸೆಕೆಂಡಿನೊಳಗೆ ತುಂಬಿದರೆ ಆ ವೇಗವಿದೆ ಎಂದರ್ಥ. ನೀರು ತಿಳಿಯಾಗುವವರೆಗೂ ಬಿಡಬೇಕು.

ಈಗ ಮತ್ತೆ ಅಳೆದಾಗ ಒಂಬತ್ತು ಲೋಟಗಳು 190 ದಾಟಿ, ಹತ್ತನೆಯದು 80ರಲ್ಲೇ ನಿಂತರೆ, ಆ ಡ್ರಿಪ್ಪರನ್ನು ಮೊದಲನೆಯದರೊಂದಿಗೆ ಅದಲುಬದಲು ಮಾಡಿ ನೋಡಬೇಕು. ಕೊರತೆ ಡ್ರಿಪ್ಪರಿನ ಜೊತೆಗೇ ಹೋದರೆ ಕಟ್ಟಿಕೊಂಡಿರುವುದು ಅದೇ. ಹೊರಬಾಯಿಯಲ್ಲಿ ಬಿಳಿ ಪದರ ಕಂಡರೆ ಅದು ಬಹುಮಟ್ಟಿಗೆ ಬಿಸಿಲಿಗೆ ನೀರು ಆರಿ ಉಳಿದ ಸುಣ್ಣ. ಡ್ರಿಪ್ಪರನ್ನು ಕೆಲವು ಗಂಟೆ ವಿನೆಗರ್‌ನಲ್ಲಿ ನೆನೆಸಿದರೆ ಅದು ಕರಗುತ್ತದೆ, ಆದರೆ ಮಣ್ಣು ಕರಗುವುದಿಲ್ಲ.

ಕೊರತೆ ಜಾಗದಲ್ಲೇ ಉಳಿದರೆ ಕುಂಡದ ಎತ್ತರವನ್ನು ಗಮನಿಸಬೇಕು. ನಲ್ಲಿಯ ಒತ್ತಡವಿಲ್ಲದೆ ತೊಟ್ಟಿಯಿಂದ ಇಳಿಯುವ ನೀರಿಗೆ ಇದು ದೊಡ್ಡ ವಿಷಯ: ನೀರಿನ ಮಟ್ಟಕ್ಕಿಂತ ಒಂದೂವರೆ ಮೀಟರ್ ಕೆಳಗಿರುವ ಡ್ರಿಪ್ಪರಿಗೆ ಹೋಲಿಸಿದರೆ, ಅರ್ಧ ಮೀಟರ್ ಮಾತ್ರ ಕೆಳಗಿರುವ ಅದೇ ಬಗೆಯ ಸಾಮಾನ್ಯ ಡ್ರಿಪ್ಪರ್, ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ, ಸುಮಾರು 60 ಪ್ರತಿಶತ ನೀರನ್ನಷ್ಟೇ ಬಿಡುತ್ತದೆ. ಅಂಥ ಕುಂಡವನ್ನು ಕೆಳಗಿಳಿಸಬೇಕು, ಇಲ್ಲವೇ ಅದಕ್ಕೆ ಇನ್ನೊಂದು ಡ್ರಿಪ್ಪರ್ ಸೇರಿಸಬೇಕು.